ಮೊತ್ತ ಸರಿಯಿದ್ದರೂ ಆರ್ಡರ್ ತಪ್ಪಬಹುದು

ಪೀಣ್ಯದಲ್ಲಿ ಕಾರ್ಖಾನೆಗಳಿಗೆ ಬೋಲ್ಟು, ನಟ್ಟು ಪೂರೈಸುವ ಒಂದು ಮಳಿಗೆ ಇದೆ ಎಂದುಕೊಳ್ಳಿ. ಗ್ರಾಹಕರ ಪರ್ಚೇಸ್ ಆರ್ಡರ್‌ಗಳು ಇಮೇಲ್‌ನಲ್ಲಿ ಬರುತ್ತವೆ. ಕೆಲವು ಪಿಡಿಎಫ್, ಕೆಲವು ಎಕ್ಸೆಲ್. ಒಬ್ಬರು ಕೂತು ಅವನ್ನು ನೋಡಿ ಸೇಲ್ಸ್ ಆರ್ಡರ್ ಟೈಪ್ ಮಾಡಬೇಕು. ಈ ಕೆಲಸವನ್ನು ಈಗ ತಂತ್ರಾಂಶಕ್ಕೆ ಒಪ್ಪಿಸಬಹುದು. ಆದರೆ ಅದು ಸಿದ್ಧಪಡಿಸಬೇಕಾದ್ದು ಕರಡನ್ನು ಮಾತ್ರ.

ಪಿಡಿಎಫ್‌ನಲ್ಲಿ ನಮ್ಮ ಕಣ್ಣಿಗೆ ಕಾಣುವ ಕೋಷ್ಟಕ ಬಹುಪಾಲು ಕಡತದೊಳಗೆ ಕೋಷ್ಟಕವಾಗಿ ಇರುವುದಿಲ್ಲ. ಯಾವ ಅಕ್ಷರ ಪುಟದ ಯಾವ ಜಾಗದಲ್ಲಿ ಬರಬೇಕು ಎಂಬುದಷ್ಟೇ ಅಲ್ಲಿರುತ್ತದೆ. ಒಂದೇ ಎತ್ತರದಲ್ಲಿರುವ ಪದಗಳನ್ನು ತಂತ್ರಾಂಶ ಒಂದು ಸಾಲೆಂದು ಸೇರಿಸುತ್ತದೆ. ವಸ್ತುವಿನ ವಿವರ ಎರಡು ಸಾಲಿಗೆ ಹರಿದಿದ್ದರೆ, ಸಂಖ್ಯೆಯೂ ದರವೂ ಇಲ್ಲದ ಎರಡನೇ ಸಾಲನ್ನು ಮೇಲಿನದಕ್ಕೇ ಜೋಡಿಸಬೇಕು. ಸ್ಕ್ಯಾನ್ ಮಾಡಿದ ಪುಟವಾದರೆ ಮೊದಲು ಚಿತ್ರದಿಂದ ಅಕ್ಷರ ಗುರುತಿಸಬೇಕು. ಅಲ್ಲಿ 8 ಮತ್ತು B ಅದಲುಬದಲಾಗುವುದುಂಟು. ಎಕ್ಸೆಲ್‌ನ ತೊಂದರೆ ಬೇರೆ: 004512 ಎಂಬ ಕೋಡನ್ನು ಸಂಖ್ಯೆಯೆಂದು ತಿಳಿದು 4512 ಮಾಡಿಬಿಡುತ್ತದೆ.

ಓದಿದ ಮೇಲೆ ಹೊಂದಿಸುವ ಕೆಲಸ. ಗ್ರಾಹಕರ ಕೋಡಿಗೆ ಮಳಿಗೆಯ ಯಾವ ಕೋಡು ಎಂಬ ಪಟ್ಟಿಯೊಂದು ಇರಲೇಬೇಕು. ಇದೇ ಆರ್ಡರ್ ಸಂಖ್ಯೆ ಹಿಂದೆಯೇ ಬಂದಿತ್ತೇ ಎಂದೂ ನೋಡಬೇಕು. ತಿದ್ದಿದ ಆರ್ಡರನ್ನು ಮತ್ತೆ ಕಳಿಸಿದಾಗ ಅದು ಹೊಸದೆಂದು ದಾಖಲಾದರೆ ಮಾಲು ಎರಡು ಸಲ ಹೋಗುತ್ತದೆ.

ಇನ್ನು ಒಂದು ಸಾಲನ್ನು ಹಿಡಿದು ನೋಡೋಣ. M8×25 ಬೋಲ್ಟ್, ಸಂಖ್ಯೆ 50, ದರ 450 ರೂಪಾಯಿ, ಮೊತ್ತ 22,500. ತಂತ್ರಾಂಶ ಗುಣಿಸಿ ನೋಡುತ್ತದೆ, ತಾಳೆಯಾಗುತ್ತದೆ. ಶೇ. 18 ಜಿಎಸ್‌ಟಿ 4,050 ಸೇರಿ 26,550; ಅದೂ ತಾಳೆಯಾಗುತ್ತದೆ. ಆದರೆ ಗ್ರಾಹಕರು ಕೇಳಿದ್ದು 50 ಬಾಕ್ಸ್. ಒಂದು ಬಾಕ್ಸಿಗೆ 100 ಬೋಲ್ಟ್. ಮಳಿಗೆಯ ಸ್ಟಾಕ್ ಇರುವುದು ಬಿಡಿ ಲೆಕ್ಕದಲ್ಲಿ. ಅಳತೆಯ ಕಾಲಂ ಓದದೆ ಬಿಟ್ಟರೆ 5,000 ಬೋಲ್ಟ್ ಹೋಗಬೇಕಾದಲ್ಲಿ 50 ಹೋಗುತ್ತವೆ, ಬಿಲ್ಲು ಮಾತ್ರ ಪೂರ್ತಿ ಮೊತ್ತಕ್ಕೆ ಆಗುತ್ತದೆ.

ಗುಣಾಕಾರದಿಂದ ಈ ತಪ್ಪು ಸಿಗುವುದಿಲ್ಲ, ದರಪಟ್ಟಿಯಿಂದ ಸಿಗುತ್ತದೆ. ಬಿಡಿ ಬೋಲ್ಟಿಗೆ ಮಳಿಗೆಯ ದರ 4.50 ರೂಪಾಯಿ, ಆರ್ಡರ್‌ನಲ್ಲಿರುವುದು ಅದರ ನೂರರಷ್ಟು. ಇಷ್ಟು ಅಂತರ ಕಂಡ ಕೂಡಲೇ ಆ ಸಾಲಿಗೆ ಗುರುತು ಹಾಕಿ ಕರಡನ್ನು ತಡೆಹಿಡಿಯಬೇಕು. ಸಿಬ್ಬಂದಿ ಮೂಲ ಪಿಡಿಎಫ್ ಪಕ್ಕದಲ್ಲಿಟ್ಟು ನೋಡಿ, 5,000 ಬೋಲ್ಟ್, ತಲಾ 4.50 ಎಂದು ತಿದ್ದುತ್ತಾರೆ. ಮೊತ್ತ ಅದೇ 22,500.

ಇಂಥ ವ್ಯವಸ್ಥೆ ಹಾಕಿಸಿಕೊಳ್ಳುವವರು ಕೋಡುಗಳ ಪಟ್ಟಿಯಲ್ಲಿ ಪ್ರತಿ ಗ್ರಾಹಕರ ಅಳತೆಯನ್ನೂ ಬಾಕ್ಸಿನಲ್ಲಿರುವ ಸಂಖ್ಯೆಯನ್ನೂ ಮೊದಲೇ ಬರೆಸಿಡಿ. ದರ ಹೊಂದದ ಕರಡು ಯಾರ ಸಹಿಯೂ ಇಲ್ಲದೆ ಗೋದಾಮಿಗೆ ಹೋಗದಂತೆ ನೋಡಿಕೊಳ್ಳಿ.