ಕೊನೆಯ ವಾರದಿಂದ ಬರೆಯುವ ಸಿಲಬಸ್

ಹೊಸದಾಗಿ ಕಾಲೇಜಿಗೆ ಸೇರಿದ ಅಧ್ಯಾಪಕರಿಗೆ ಪ್ರಿನ್ಸಿಪಾಲರಿಂದ ಬರುವ ಮೊದಲ ಹೆಚ್ಚುವರಿ ಕೆಲಸಗಳಲ್ಲಿ ಇದೂ ಒಂದು: "ಈ ಸೆಮಿಸ್ಟರಿಗೆ ಮೂವತ್ತು ಗಂಟೆಯ ಸರ್ಟಿಫಿಕೇಟ್ ಕೋರ್ಸ್ ಒಂದನ್ನು ನೀವೇ ಮಾಡಿ. ಸೋಮವಾರ ಸಿಲಬಸ್ ಕೊಡಿ." ನ್ಯಾಕ್ ಮೌಲ್ಯಮಾಪನದಲ್ಲಿ ಇಂಥ ಕೋರ್ಸು ಲೆಕ್ಕಕ್ಕೆ ಬರಬೇಕಾದರೆ ಕನಿಷ್ಠ 30 ಗಂಟೆ ಇರಬೇಕೆಂಬ ಅಳತೆಯಿಂದ ಈ ಮೂವತ್ತು ಬಂದಿದೆ. ವಿಶ್ವವಿದ್ಯಾಲಯ ಕೊಟ್ಟ ಸಿಲಬಸ್ಸನ್ನು ಪಾಠ ಮಾಡುವುದು ಬೇರೆ, ಖಾಲಿ ಹಾಳೆಯ ಮೇಲೆ ತಾವೇ ಒಂದನ್ನು ಬರೆಯುವುದು ಬೇರೆ. ಇದನ್ನು ಬಹುತೇಕ ಯಾರೂ ಹೇಳಿಕೊಟ್ಟಿರುವುದಿಲ್ಲ.

ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಮದ್ದೂರು ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವರು ಶಾಸನಗಳ ಬಗ್ಗೆ ಕೋರ್ಸ್ ಮಾಡಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲ ಸಲ ಬರೆಯುವವರ ಕೈಯಿಂದ ಬರುವ ಪಟ್ಟಿಯನ್ನು ಊಹಿಸುವುದು ಕಷ್ಟವಲ್ಲ. ಮೊದಲ ವಾರ ಅಶೋಕನ ಶಾಸನಗಳು, ಎರಡನೆಯ ವಾರ ಹಲ್ಮಿಡಿ, ಆಮೇಲೆ ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಗಂಗರು, ಹೊಯ್ಸಳರು, ವಿಜಯನಗರ. ಕೊನೆಯ ವಾರ ಪರೀಕ್ಷೆ. ಇದು ಸಿಲಬಸ್ ಅಲ್ಲ, ಪುಸ್ತಕದ ಪರಿವಿಡಿ. ಎಂಟನೆಯ ವಾರದ ಹೊತ್ತಿಗೆ ತರಗತಿ ಹೊಯ್ಸಳರನ್ನೂ ಮುಟ್ಟಿರುವುದಿಲ್ಲ. ವಿದ್ಯಾರ್ಥಿಗೆ ತನ್ನೂರಿನ ಕೆರೆ ಏರಿಯ ಮೇಲಿರುವ ವೀರಗಲ್ಲಿನ ಬಗ್ಗೆ ನಾಲ್ಕು ಮಾತು ಹೇಳಲೂ ಬರುವುದಿಲ್ಲ.

ಹಾಗಾಗದಿರಲು ಸಿಲಬಸ್ಸನ್ನು ಕೊನೆಯಿಂದ ಬರೆಯಬೇಕು. ಅಮೆರಿಕದ ಗ್ರಾಂಟ್ ವಿಗ್ಗಿನ್ಸ್ ಮತ್ತು ಜೇ ಮೆಕ್‌ಟೈ 1998ರ ತಮ್ಮ ಪುಸ್ತಕದಲ್ಲಿ ಈ ಕ್ರಮವನ್ನು ವಿವರವಾಗಿ ಮಂಡಿಸಿದರು. ಕೋರ್ಸ್ ಮುಗಿದಾಗ ವಿದ್ಯಾರ್ಥಿ ಏನು ಮಾಡಿ ತೋರಿಸಬೇಕು ಎಂಬುದನ್ನು ಮೊದಲು ನಿಶ್ಚಯಿಸಿ, ಅದನ್ನು ಅಳೆಯುವುದು ಹೇಗೆಂದು ಯೋಚಿಸಿ, ಪಾಠಗಳನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸುವುದು ಅದರ ಸಾರ.

ಕೊನೆಯ ಕೆಲಸ ಯಾವುದು?

"ವಿದ್ಯಾರ್ಥಿಗಳು ಶಾಸನಗಳ ಮಹತ್ವವನ್ನು ಅರಿಯುತ್ತಾರೆ" ಎಂದು ಬರೆದರೆ ಯಾರು ಅರಿತರು, ಯಾರು ಅರಿಯಲಿಲ್ಲ ಎಂದು ತಿಳಿಯುವ ದಾರಿಯೇ ಇಲ್ಲ. ಅದರ ಬದಲು ಹೀಗೆ ಬರೆಯಿರಿ: "ಇಬ್ಬಿಬ್ಬರು ವಿದ್ಯಾರ್ಥಿಗಳು ತಾಲ್ಲೂಕಿನ ಒಂದು ಶಾಸನದ ಕಲ್ಲನ್ನು ಕಣ್ಣಾರೆ ನೋಡಿ, ಅಚ್ಚಾದ ಪಾಠದೊಂದಿಗೆ ಹೋಲಿಸಿ, ಅದರ ಕಾಲವನ್ನು ನಿರ್ಧರಿಸಿ, ಅದರಿಂದ ಊರಿನ ಬಗ್ಗೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ನಾಲ್ಕು ಪುಟದ ವರದಿ ಬರೆಯುತ್ತಾರೆ."

ಈ ಒಂದು ವಾಕ್ಯ ಉಳಿದ ಕೆಲಸವನ್ನೆಲ್ಲ ಮಾಡಿಸುತ್ತದೆ. ವರದಿ ಬರೆಯಲು ಕಲ್ಲು ಎಲ್ಲಿದೆ ಎಂದು ಹುಡುಕಲು ಬರಬೇಕು. ವೀರಗಲ್ಲೋ ದಾನಶಾಸನವೋ ಎಂದು ಗುರುತಿಸಬೇಕು. ಶಾಸನದ ಪಾಠ ಯಾವ ಕ್ರಮದಲ್ಲಿ ಸಾಗುತ್ತದೆ ಎಂದು ಗೊತ್ತಿರಬೇಕು. ಶಕ ವರ್ಷವನ್ನು ಕ್ರಿಸ್ತಶಕಕ್ಕೆ ತರಬೇಕು. ಅಳತೆ, ಫೋಟೊ ತೆಗೆದುಕೊಳ್ಳಬೇಕು. ಅಶೋಕನೂ ಹಲ್ಮಿಡಿಯೂ ಈ ಪಟ್ಟಿಯಲ್ಲಿಲ್ಲ. ಅವು ಮುಖ್ಯವಲ್ಲವೆಂದಲ್ಲ, ಈ ವರದಿಗೆ ಬೇಡ, ಅಷ್ಟೆ. ಹಳಗನ್ನಡ ಲಿಪಿಯನ್ನು ಪೂರ್ತಿ ಓದಲು ಕಲಿಸುವುದನ್ನೂ ಬಿಡಬೇಕು. ಅದು ಮೂವತ್ತು ಗಂಟೆಯಲ್ಲಿ ಆಗುವ ಕೆಲಸವಲ್ಲ. ಅಚ್ಚಾದ ಪಾಠವನ್ನು ಕೈಯಲ್ಲಿ ಹಿಡಿದು ಕಲ್ಲಿನ ಮೇಲೆ ಕೆಲವು ಅಕ್ಷರಗಳನ್ನು ಹೊಂದಿಸಿ ನೋಡುವಷ್ಟು ಬಂದರೆ ಸಾಕು.

ವಾರಗಳ ಲೆಕ್ಕ

ವಾರಕ್ಕೆ ಮೂರು ಗಂಟೆಯಂತೆ ಹತ್ತು ವಾರ. ಆದರೆ ಈ ಹತ್ತು ವಾರಗಳನ್ನು ಕ್ಯಾಲೆಂಡರಿನ ಹನ್ನೆರಡು ವಾರಗಳ ಮೇಲೆ ಹರಡಿ. ಆಗಸ್ಟ್‌ನಿಂದ ಹಿಡಿದರೆ ಗಣೇಶ ಹಬ್ಬ, ದಸರಾ, ದೀಪಾವಳಿ, ನಡುವೆ ಇಂಟರ್ನಲ್ಸ್ ಬರುತ್ತವೆ. ಕ್ಯಾಲೆಂಡರನ್ನು ಎದುರಿಗೆ ಇಟ್ಟುಕೊಳ್ಳದೆ ಬರೆದ ಸಿಲಬಸ್ಸಿನಲ್ಲಿ ಪೆಟ್ಟು ಬೀಳುವುದು ಯಾವಾಗಲೂ ಕೊನೆಯ ವಾರಗಳಿಗೆ, ಅಂದರೆ ವಿದ್ಯಾರ್ಥಿ ಸ್ವತಃ ಕೆಲಸ ಮಾಡಬೇಕಾದ ವಾರಗಳಿಗೆ. ನಮ್ಮ ಕೋರ್ಸಿನ ವಾರಗಳು ಹೀಗೆ ನಿಲ್ಲುತ್ತವೆ:

1. ಶಾಸನದ ಬಗೆಗಳು, ಕೊನೆಯ ವರದಿಯ ಮಾದರಿಯೊಂದನ್ನು ತೋರಿಸುವುದು
2. ವೀರಗಲ್ಲನ್ನು ಓದುವುದು: ಕೆಳಗಿನ, ನಡುವಿನ, ಮೇಲಿನ ಪಟ್ಟಿಕೆಗಳು
3. ನಮ್ಮ ತಾಲ್ಲೂಕಿನ ಶಾಸನಗಳನ್ನು ಸಂಪುಟಗಳಲ್ಲಿ ಹುಡುಕುವುದು
4. ಪಾಠದ ರಚನೆ: ಅರಸನ ಬಿರುದಿನಿಂದ ಶಾಪಾಶಯದವರೆಗೆ
5. ಕಾಲನಿರ್ಣಯ
6. ಅಕ್ಷರಗಳನ್ನು ಹೊಂದಿಸಿ ನೋಡುವುದು
7. ಕಲ್ಲಿನ ಬಳಿ ಕೆಲಸ
8. ವರದಿಯ ಕರಡು
9. ಸಾಕ್ಷ್ಯ ಎಷ್ಟು ಹೇಳುತ್ತದೆ, ಊಹೆ ಎಲ್ಲಿ ಶುರುವಾಗುತ್ತದೆ
10. ವರದಿ ಸಲ್ಲಿಕೆ, ವೈವಾ

ಐದನೆಯ ವಾರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೊದಲ ಒಂದು ಗಂಟೆ ಅಧ್ಯಾಪಕರ ವಿವರಣೆ: ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ, ಆದರೂ ಒಂದು ವರ್ಷದ ಹೆಚ್ಚುಕಮ್ಮಿ ಸಾಧ್ಯ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದು ಶಕ ವರ್ಷಕ್ಕೆ ತಾಳೆ ನೋಡಲು ಒದಗುತ್ತದೆ. ಉಳಿದ ಎರಡು ಗಂಟೆ ವಿದ್ಯಾರ್ಥಿಗಳ ಕೆಲಸ: ಜೋಡಿಗೆ ಮೂರು ಶಾಸನ ಪಾಠಗಳ ಜೆರಾಕ್ಸ್ ಕೊಟ್ಟು ಕಾಲವನ್ನು ತೆಗೆಸುವುದು. ಕೊನೆಯ ಐದು ನಿಮಿಷ ಎಲ್ಲರೂ ಒಂದು ಚೀಟಿ ಬರೆಯುತ್ತಾರೆ: "ಶಕ ವರ್ಷ ಸವೆದುಹೋಗಿ ಸಂವತ್ಸರದ ಹೆಸರು ಮಾತ್ರ ಉಳಿದಿದ್ದರೆ ಏನು ಮಾಡುತ್ತೀರಿ?" ಅರಸನ ಹೆಸರು, ಲಿಪಿಯ ಬಗೆ ಇಂಥ ಬೇರೆ ಸುಳಿವು ಬೇಕು ಎಂದು ಹೆಚ್ಚಿನವರು ಬರೆದಿದ್ದರೆ ಮುಂದಕ್ಕೆ ಹೋಗಿ. ಬರೆದಿಲ್ಲವಾದರೆ ಕೈಯಲ್ಲಿ ಉಳಿಸಿಕೊಂಡ ಎರಡು ವಾರಗಳು ಇರುವುದೇ ಇದಕ್ಕೆ.

ಓದಿಗೆ ಏನು ಕೊಡಬೇಕು?

ಸಿಲಬಸ್ಸಿನ ಕೊನೆಗೆ ಹದಿನೈದು ಪುಸ್ತಕಗಳ ಪಟ್ಟಿ ಹಾಕುವ ರೂಢಿ ಇದೆ. ವಿದ್ಯಾರ್ಥಿ ಅದರಲ್ಲಿ ಒಂದನ್ನೂ ಮುಟ್ಟುವುದಿಲ್ಲ, ಏಕೆಂದರೆ ಯಾವ ವಾರಕ್ಕೆ ಯಾವ ಪುಟ ಎಂದು ಅಲ್ಲಿ ಬರೆದಿರುವುದಿಲ್ಲ. ವಾರಕ್ಕೆ ಒಂದೇ ಓದು ಕೊಡಿ, ಹತ್ತು ಹದಿನೈದು ಪುಟ ಮೀರದಿರಲಿ, ಪುಟಸಂಖ್ಯೆ ಹಾಕಿ. ಕೊಡುವ ಮೊದಲು ನೀವೇ ಗಡಿಯಾರ ಇಟ್ಟು ಓದಿ. ನಿಮಗೆ ನಲವತ್ತು ನಿಮಿಷ ಹಿಡಿದರೆ ಹೊಸಬರಿಗೆ ಅದರ ಎರಡು ಮೂರು ಪಟ್ಟು ಬೇಕು. ಬಸ್ಸಿನಲ್ಲಿ ಓಡಾಡುತ್ತ ಇನ್ನೂ ಐದಾರು ವಿಷಯ ಓದುವ ಹುಡುಗ ಹುಡುಗಿಯರಿಗೆ ವಾರಕ್ಕೆ ಎರಡು ಗಂಟೆ ಈ ಕೋರ್ಸಿಗೆ ಸಿಕ್ಕರೆ ಹೆಚ್ಚು.

ಪ್ರತಿ ಓದಿಗೂ ಒಂದು ಪ್ರಶ್ನೆ ಅಂಟಿಸಿ. ಎರಡನೆಯ ವಾರಕ್ಕೆ ಆತಕೂರು ಶಾಸನ ಸೊಗಸಾಗಿ ಹೊಂದುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ, ಹತ್ತನೆಯ ಶತಮಾನದ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಗಂಗ ಬೂತುಗನಿಂದ ಮಣಲೇರ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಾಡಿ ಸತ್ತಿದ್ದರ ನೆನಪಿಗೆ ನಿಲ್ಲಿಸಿದ್ದು. ಅದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧದ ಸುದ್ದಿಯೂ ಇದೆ. ಓದಿನ ಜೊತೆಗಿನ ಪ್ರಶ್ನೆ: "ಕಲ್ಲಿನ ಮೇಲಿನ ಚಿತ್ರ ಯಾವ ಘಟನೆಯದು? ಬರಹದಲ್ಲಿದ್ದು ಚಿತ್ರದಲ್ಲಿಲ್ಲದ್ದು ಯಾವುದು?" ಓದದೆ ಬಂದವರು ಉತ್ತರಿಸಲಾರರು, ಓದಿ ಬಂದವರಿಗೆ ತರಗತಿಯಲ್ಲಿ ಮಾತಾಡಲು ಏನೋ ಒಂದು ಇರುತ್ತದೆ.

ಜೆರಾಕ್ಸ್ ಮಾಡಿಸಬಹುದೇ ಎಂಬ ಅಂಜಿಕೆ ಹಲವರಿಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಪಾಠದ ಅಗತ್ಯಕ್ಕಾಗಿ ಪ್ರತಿ ಮಾಡಿಕೊಳ್ಳಲು ವಿನಾಯಿತಿ ಕೊಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಪಾಠಕ್ಕೆ ಬೇಕಾದಷ್ಟು ಪುಟ ತೆಗೆಸಿ, ಇಡೀ ಪುಸ್ತಕ ಬೇಡ. ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳಂತೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ.

ಅಂಕ ಹಂಚುವುದು

ಎಲ್ಲ ಅಂಕವನ್ನೂ ಕೊನೆಯ ವರದಿಗೆ ಇಟ್ಟರೆ ತಪ್ಪು ಗೊತ್ತಾಗುವ ಹೊತ್ತಿಗೆ ತಿದ್ದಲು ವಾರಗಳೇ ಉಳಿದಿರುವುದಿಲ್ಲ. 50 ಅಂಕವನ್ನು ಹೀಗೆ ಒಡೆಯಬಹುದು: ಮೂರನೆಯ ವಾರದ ಹುಡುಕಾಟದ ಹಾಳೆಗೆ 5, ಐದನೆಯ ವಾರದ ಕಾಲನಿರ್ಣಯದ ಕಿರುಪರೀಕ್ಷೆಗೆ 10, ಏಳನೆಯ ವಾರದ ಕ್ಷೇತ್ರ ಟಿಪ್ಪಣಿಗೆ 10, ವರದಿಗೆ 20, ವೈವಾಕ್ಕೆ 5. ಮೊದಲ ಮೂರೂ ಕೊನೆಯ ವರದಿಯ ತುಂಡುಗಳೇ. ಅವನ್ನು ಮಾಡಿದವರು ವರದಿಯ ಅರ್ಧ ಕೆಲಸ ಮುಗಿಸಿರುತ್ತಾರೆ.

ಮೂರನೆಯ ವಾರದ ಐದು ಅಂಕ ಸಣ್ಣದಾಗಿ ಕಂಡರೂ ಎಡವಟ್ಟು ಮೊದಲು ಹೊರಬೀಳುವುದು ಅಲ್ಲಿಯೇ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ರೈಸ್ ಸಂಪುಟಗಳು ಅದಕ್ಕೂ ಹಳೆಯವು, ಈ ಭಾಗದ ಶಾಸನಗಳನ್ನು ಅಲ್ಲಿ ಮೈಸೂರು ಜಿಲ್ಲೆಯಡಿ ಹುಡುಕಬೇಕು. ಇದು ಹೊಳೆಯದ ವಿದ್ಯಾರ್ಥಿಗಳು "ನಮ್ಮೂರಲ್ಲಿ ಶಾಸನವೇ ಇಲ್ಲ" ಎಂದು ಖಾಲಿ ಹಾಳೆ ಕೊಡುತ್ತಾರೆ. ಈ ಖಾಲಿ ಹಾಳೆಗಳು ಎಂಟನೆಯ ವಾರ ಕೈಗೆ ಬಂದರೆ ಆ ಜೋಡಿಗಳಿಗೆ ಕೋರ್ಸೇ ಕೈತಪ್ಪಿದಂತೆ. ಮೂರನೆಯ ವಾರ ಬಂದರೆ ಒಂದು ಮಧ್ಯಾಹ್ನ ಲೈಬ್ರರಿಯಲ್ಲಿ ಜೊತೆಗೆ ಕೂತು ಸರಿಪಡಿಸಬಹುದು.

ವರದಿಯ 20 ಅಂಕ ಯಾವುದಕ್ಕೆ ಎಂದು ಮೊದಲ ವಾರವೇ ಅಚ್ಚು ಹಾಕಿ ಕೊಡಿ: ಕಲ್ಲಿನ ವಿವರಣೆಗೆ 6, ಅಚ್ಚಾದ ಪಾಠದೊಂದಿಗೆ ಹೋಲಿಕೆಗೆ 6, ಕಾಲನಿರ್ಣಯಕ್ಕೆ 3, ಸಾಕ್ಷ್ಯ ಸಹಿತ ತೀರ್ಮಾನಕ್ಕೆ 5. ಅಷ್ಟೇ ಸಾಲದು, ಮಾದರಿಯನ್ನೂ ತೋರಿಸಿ. "ಕಲ್ಲು ದೊಡ್ಡದಾಗಿದೆ, ಸುಂದರ ಕೆತ್ತನೆ ಇದೆ" ಎಂದರೆ ಆರಕ್ಕೆ ಎರಡು. ಎತ್ತರ, ಅಗಲ, ಎಷ್ಟು ಪಟ್ಟಿಕೆ, ಎಷ್ಟು ಸಾಲು ಬರಹ, ಯಾವ ಭಾಗ ಮಣ್ಣಿನಲ್ಲಿ ಹೂತಿದೆ ಎಂದು ಬರೆದರೆ ಆರಕ್ಕೆ ಆರು. ಈ ಎರಡು ಸಾಲು ತೋರಿಸಿದರೆ ಅಂಕ ಏಕೆ ಕಡಿಮೆಯಾಯಿತೆಂಬ ತಕರಾರು ಬಹುಮಟ್ಟಿಗೆ ಏಳುವುದೇ ಇಲ್ಲ.

ನಿಮ್ಮ ಸಮಯದ ಲೆಕ್ಕವನ್ನೂ ಇಲ್ಲಿಯೇ ಹಾಕಿಕೊಳ್ಳಿ. ನಲವತ್ತು ವಿದ್ಯಾರ್ಥಿಗಳು ಒಬ್ಬೊಬ್ಬರೇ ಬರೆದರೆ, ವರದಿಗೆ ಕಾಲು ಗಂಟೆಯಂತೆ ಹತ್ತು ಗಂಟೆಯ ತಿದ್ದುವ ಕೆಲಸ. ಜೋಡಿಯಾಗಿ ಬರೆದರೆ ಐದು ಗಂಟೆ. ವೈವಾ ಇಟ್ಟಿರುವುದು ಜೋಡಿಯಲ್ಲಿ ಒಬ್ಬರೇ ದುಡಿದಿದ್ದರೆ ಅದು ಹೊರಬರಲಿ ಎಂದು: ಇಬ್ಬರನ್ನೂ ಬೇರೆ ಬೇರೆ ಕರೆದು, ಕಲ್ಲಿನ ಫೋಟೊ ಮುಂದಿಟ್ಟು, ಒಂದೊಂದು ಪ್ರಶ್ನೆ ಕೇಳಿದರೆ ಸಾಕು.

ಇಷ್ಟಾದ ಮೇಲೆ ಸಿಲಬಸ್ಸನ್ನು ಪ್ರಿನ್ಸಿಪಾಲರ ಮೇಜಿಗೆ ಕಳಿಸುವ ಮುನ್ನ ಒಮ್ಮೆ ಪರೀಕ್ಷೆ ಮಾಡಿ. ಪ್ರತಿ ವಾರದ ಮೇಲೆ ಬೆರಳಿಟ್ಟು, ಈ ವಾರ ತೆಗೆದರೆ ವರದಿಯ ಯಾವ ಭಾಗ ಬರೆಯಲಾಗುವುದಿಲ್ಲ ಎಂದು ಕೇಳಿಕೊಳ್ಳಿ. ಉತ್ತರ ಸಿಗದ ವಾರ ನಿಮ್ಮ ಮೆಚ್ಚಿನ ವಿಷಯವೇ ಆಗಿದ್ದರೂ ಅದನ್ನು ತೆಗೆದು, ಆ ಮೂರು ಗಂಟೆಯನ್ನು ಕರಡು ತಿದ್ದುವ ಎಂಟನೆಯ ವಾರಕ್ಕೆ ಸೇರಿಸಿ. ಅಲ್ಲಿ ಸಮಯ ಸಾಲುವುದಿಲ್ಲ.