ಒಂದು ರೂಮಿಗೆ ಎಷ್ಟು ಪೈಪು, ಎಷ್ಟು ವೈರು?

ಮನೆ ಕಟ್ಟಿಸುವವರ ಕೈಗೆ ಎಲೆಕ್ಟ್ರಿಷಿಯನ್ ಕೊಡುವ ಮೊದಲ ಚೀಟಿಯಲ್ಲಿ ಪಾಯಿಂಟುಗಳ ಲೆಕ್ಕ ಇರುತ್ತದೆ. ಹಾಲಿಗೆ ಇಷ್ಟು, ರೂಮಿಗೆ ಇಷ್ಟು, ಅಡುಗೆಮನೆಗೆ ಇಷ್ಟು. ಒಂದು ಲೈಟು ಒಂದು ಪಾಯಿಂಟು, ಒಂದು ಫ್ಯಾನು ಒಂದು ಪಾಯಿಂಟು. ಕೂಲಿ ಮಾತಾಡಲು ಈ ಚೀಟಿ ಸಾಕು, ಅಂಗಡಿಗೆ ಹೋಗಲು ಸಾಲದು. ಬೋರ್ಡಿನ ಪಕ್ಕದಲ್ಲೇ ಇರುವ ಲೈಟೂ ಒಂದೇ ಪಾಯಿಂಟು, ಹದಿನೈದು ಅಡಿ ಆಚೆಯ ಲೈಟೂ ಒಂದೇ ಪಾಯಿಂಟು. ವೈರು ಮಾತ್ರ ಎರಡಕ್ಕೂ ಒಂದೇ ಅಲ್ಲ. ಆದ್ದರಿಂದ ಪಾಯಿಂಟುಗಳನ್ನು ನಕ್ಷೆಯ ಮೇಲೆ ಗುರುತು ಮಾಡಿ, ಪೈಪು ಯಾವ ದಾರಿಯಲ್ಲಿ ಹೋಗುತ್ತದೆ, ಅದರೊಳಗೆ ಎಷ್ಟು ಎಳೆ ವೈರು ಹೋಗುತ್ತದೆ ಎಂದು ನೋಡಬೇಕು.

ಒಂದು ಮಲಗುವ ಕೋಣೆಯನ್ನೇ ತೆಗೆದುಕೊಳ್ಳೋಣ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ಬಾಗಿಲ ಪಕ್ಕ ನಾಲ್ಕಡಿ ಎತ್ತರದಲ್ಲಿ ಸ್ವಿಚ್ ಬೋರ್ಡು. ನಡುವೆ ಫ್ಯಾನು. ಎರಡು ಉದ್ದ ಗೋಡೆಗಳ ಮೇಲೆ ಎಂಟಡಿ ಎತ್ತರದಲ್ಲಿ ಎದುರುಬದುರು ಎರಡು ಟ್ಯೂಬ್‌ಲೈಟು. ಮಂಚದ ತಲೆಯ ಹತ್ತಿರ, ಎರಡೂವರೆ ಅಡಿ ಎತ್ತರದಲ್ಲಿ ಇನ್ನೊಂದು ಚಿಕ್ಕ ಬೋರ್ಡು. ಅದರಲ್ಲಿ ಫೋನ್ ಚಾರ್ಜಿಗೊಂದು ಸಾಕೆಟ್ಟು, ಜೊತೆಗೆ ಎದ್ದು ಹೋಗದೆ ಒಂದು ಲೈಟು ಆರಿಸಲು ಟೂ-ವೇ ಸ್ವಿಚ್ಚು. ಏಸಿಗೆ ಪ್ರತ್ಯೇಕ ಪಾಯಿಂಟು.

ಮೊದಲು ಪೈಪು. ಡಿಬಿ ಪೆಟ್ಟಿಗೆ ಹಾಲಿನಲ್ಲಿ ಆರಡಿ ಎತ್ತರದಲ್ಲಿದೆ ಎಂದುಕೊಳ್ಳಿ. ಅಲ್ಲಿಂದ ಮೇಲಕ್ಕೆ 4 ಅಡಿ, ಮೋಲ್ಡಿನೊಳಗೆ 14 ಅಡಿ, ಗೋಡೆಯಲ್ಲಿ ಇಳಿದು ಬೋರ್ಡಿಗೆ 6 ಅಡಿ, ಒಟ್ಟು 24. ಬೋರ್ಡಿನಿಂದ ಮತ್ತೆ 6 ಅಡಿ ಮೇಲೇರಿ, ಮೋಲ್ಡಿನಲ್ಲಿ 7 ಅಡಿ ಹೋದರೆ ಫ್ಯಾನ್ ಬಾಕ್ಸು, ಅದು 13. ಫ್ಯಾನ್ ಬಾಕ್ಸಿನಿಂದ ಒಂದೊಂದು ಲೈಟಿಗೂ 5 ಅಡಿ ಮೋಲ್ಡಿನಲ್ಲಿ, 2 ಅಡಿ ಗೋಡೆಯಲ್ಲಿ, ಎರಡೂ ಸೇರಿ 14. ಮಂಚದ ಬೋರ್ಡಿಗೆ ಮೋಲ್ಡಿನಲ್ಲಿ 6, ಗೋಡೆಯಲ್ಲಿ ಏಳೂವರೆ, ಒಟ್ಟು ಹದಿಮೂರೂವರೆ. ಡಿಬಿಯಿಂದ ನೇರ ಏಸಿಗೆ ಹೋಗುವ ಬೇರೆ ಪೈಪು 27 ಅಡಿ. ಎಲ್ಲ ಕೂಡಿದರೆ 91.5 ಅಡಿ. ತುಂಡಿನಲ್ಲಿ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ ಸುಮಾರು ನೂರಡಿ. ಒಂದು ಪೈಪು 3 ಮೀಟರ್, ಅಂದರೆ ಹತ್ತಡಿಗೆ ಸ್ವಲ್ಪ ಕಡಿಮೆ. ಹನ್ನೊಂದು ಪೈಪು ಬೇಕು.

ಈ 91.5ರಲ್ಲಿ 57 ಅಡಿ ಮೋಲ್ಡಿನೊಳಗೆ ಹೋಗುತ್ತದೆ, ಉಳಿದದ್ದು ಗೋಡೆಗೆ. ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಮೋಲ್ಡ್ ಹಾಕುವ ಮುಂಚೆ ಬೇಕಾಗುವುದು ಮೊದಲ ಭಾಗ ಮಾತ್ರ. ಗೋಡೆ ಪೈಪು ಆಮೇಲೆ, ವೈರಂತೂ ಗಾರೆ ಕೆಲಸವೆಲ್ಲ ಮುಗಿದ ಮೇಲೆ. ಎಲ್ಲವನ್ನೂ ಒಂದೇ ದಿನ ತಂದು ಶೆಡ್ಡಿನಲ್ಲಿ ಪೇರಿಸಿದರೆ ದುಡ್ಡೂ ಸಿಕ್ಕಿಕೊಳ್ಳುತ್ತದೆ, ಕಾವಲೂ ಕಾಯಬೇಕು.

ಈಗ ವೈರು. ಲೆಕ್ಕ ತಪ್ಪುವುದು ಇಲ್ಲೇ. ಡಿಬಿಯಿಂದ ಬೋರ್ಡಿಗೆ ಮೂರೇ ಎಳೆ: ಫೇಸು, ನ್ಯೂಟ್ರಲ್ಲು, ಅರ್ಥಿಂಗು. ಲೈಟುಗಳಿಗೂ ಮೂರು ಮೂರು. ಬೋರ್ಡಿನಿಂದ ಫ್ಯಾನ್ ಬಾಕ್ಸಿಗೆ ಹೋಗುವ ಆ ಹದಿಮೂರು ಅಡಿಯ ಪೈಪು ನೋಡಿ. ಅದರಲ್ಲಿ ಫ್ಯಾನಿಗೊಂದು, ಎರಡನೇ ಲೈಟಿಗೊಂದು, ನ್ಯೂಟ್ರಲ್ಲು, ಅರ್ಥಿಂಗು, ಮಂಚದ ಸಾಕೆಟ್ಟಿಗೆ ಫೇಸು, ಇದರ ಮೇಲೆ ಟೂ-ವೇ ಸ್ವಿಚ್ಚುಗಳೆರಡರ ನಡುವೆ ಎಳೆಯುವ ಎರಡು ವೈರು. ಒಟ್ಟು ಏಳು ಎಳೆ! ಸಾಮಾನ್ಯವಾಗಿ ಬಳಸುವ 20 ಎಂಎಂ ಪೈಪಿನಲ್ಲಿ 1.5ರ ವೈರು ಐದಾರು ಎಳೆ ಸಲೀಸಾಗಿ ಹೋಗುತ್ತದೆ. ಏಳನೆಯದನ್ನು ತುರುಕಲು ಹೋದರೆ ಮೇಲಿನ ಪದರ ತರಚಿಕೊಳ್ಳುತ್ತದೆ. ಆದ್ದರಿಂದ ಈ ದಾರಿಗೆ 25 ಎಂಎಂ ಪೈಪು ಹಾಕಬೇಕು. ಹನ್ನೊಂದು ಪೈಪಿನಲ್ಲಿ ಎರಡು 25ರದ್ದು. ಮಂಚದ ಪಕ್ಕ ಒಂದು ಸ್ವಿಚ್ಚು ಬೇಕು ಎಂದ ಒಂದೇ ಮಾತಿನಿಂದ ಬಂದ ಬದಲಾವಣೆ ಇದು.

ಮಂಚದ ಬೋರ್ಡಿಗೆ ಇಳಿಯುವ ಪೈಪಿನಲ್ಲಿ ಆರು ಎಳೆ: ಸಾಕೆಟ್ಟಿನ ಮೂರು, ಟೂ-ವೇಯ ಎರಡು, ಲೈಟಿಗೆ ವಾಪಸ್ ಬರುವ ಒಂದು. ಈಗ ಪ್ರತಿ ದಾರಿಯ ಉದ್ದವನ್ನು ಅದರ ಎಳೆಗಳಿಂದ ಗುಣಿಸಿ ಕೂಡಿದರೆ 286 ಅಡಿ. ಬಾಕ್ಸುಗಳಲ್ಲಿ ಬಿಡುವ ಬಾಲಕ್ಕೆ, ತುಂಡಿಗೆ ನೂರಕ್ಕೆ ಹದಿನೈದು ಸೇರಿಸಿದರೆ ಸುಮಾರು 100 ಮೀಟರ್. ಒಂದು ಕಾಯಿಲ್ 90 ಮೀಟರ್ ಇರುತ್ತದೆ. ಹಾಗಾದರೆ ರೂಮಿಗೆ ಒಂದು ಕಾಯಿಲ್ ಚಿಲ್ಲರೆ ಎಂದು ಬರೆದುಬಿಟ್ಟೀರಿ, ಜೋಕೆ. ಕಾಯಿಲ್ ಬರುವುದು ಒಂದೊಂದೂ ಒಂದೊಂದು ಬಣ್ಣದಲ್ಲಿ. ನಮ್ಮ ನೂರು ಮೀಟರಿನಲ್ಲಿ ಫೇಸು ಮತ್ತು ಸ್ವಿಚ್ಚಿನಿಂದ ಹೊರಡುವ ಕೆಂಪು ವೈರು 55 ಮೀಟರ್, ನ್ಯೂಟ್ರಲ್ಲಿನ ಕಪ್ಪು 22.5, ಅರ್ಥಿಂಗಿನ ಹಸಿರು 22.5.

ಹೀಗೆ ಎಲ್ಲ ಕೋಣೆಗಳದ್ದೂ ಬಣ್ಣವಾರು ಕೂಡಿ, ಕೊನೆಗೆ ಒಂದೇ ಸಲ 90ರಿಂದ ಭಾಗಿಸಬೇಕು. ಇಂಥ ಎರಡು ರೂಮು, ಜೊತೆಗೆ ಹಾಲು, ಅಡುಗೆಮನೆ, ಬಚ್ಚಲು ಸೇರಿ ಕೆಂಪು 230, ಕಪ್ಪು 95, ಹಸಿರು 95 ಬಂತು ಎಂದಿಟ್ಟುಕೊಳ್ಳಿ. ಕೆಂಪು ಮೂರು ಕಾಯಿಲ್. ಕಪ್ಪು, ಹಸಿರು ಒಂದೊಂದೇ ಕಾಯಿಲ್ ತಂದು, ಕೊರೆಬಿದ್ದ ಐದು ಮೀಟರನ್ನು ಬಿಡಿಯಾಗಿ ಕತ್ತರಿಸಿ ತಂದರಾಯಿತು. ಒಟ್ಟು 420 ಮೀಟರನ್ನು ಸುಮ್ಮನೆ ಭಾಗಿಸಿದ್ದರೂ ಐದು ಕಾಯಿಲ್ಲೇ ಬರುತ್ತಿತ್ತು, ಆದರೆ ಯಾವ ಬಣ್ಣ ಎಷ್ಟು ಎಂದು ಅಂಗಡಿಯವನೇ ತೀರ್ಮಾನಿಸುತ್ತಿದ್ದ. ಕಪ್ಪು ಮುಗಿದಾಗ ಕೆಂಪನ್ನೇ ನ್ಯೂಟ್ರಲ್ ಮಾಡಿ ಎಳೆದಿರುವ ಮನೆಗಳನ್ನು ನಾನು ನೋಡಿದ್ದೇನೆ. ಮುಂದೆ ರಿಪೇರಿಗೆ ಬಂದವನು ಬಣ್ಣ ನಂಬಿ ಕೈ ಹಾಕುತ್ತಾನೆ. ಏಸಿಗೆ 4ರ ವೈರು, ಮೂರು ಎಳೆ ಸೇರಿ 28 ಮೀಟರ್. ಒಂದೇ ಏಸಿ ಇದ್ದರೆ ಇದನ್ನೂ ಬಿಡಿಯಾಗಿ ತರುವುದೇ ಸರಿ.

ಬಾಕ್ಸಿನ ಲೆಕ್ಕ ಸುಲಭ. ಒಂದು ಸ್ವಿಚ್ಚು ಒಂದು ಮಾಡ್ಯೂಲ್ ಜಾಗ, ಸಾಕೆಟ್ಟು ಎರಡು, ಫ್ಯಾನಿನ ರೆಗ್ಯುಲೇಟರ್ ಹೆಚ್ಚಾಗಿ ಎರಡು. ಬಾಗಿಲ ಬೋರ್ಡಿನಲ್ಲಿ ಫ್ಯಾನು, ಎರಡು ಲೈಟು, ಸಾಕೆಟ್ಟಿನ ಸ್ವಿಚ್ಚು ಸೇರಿ ನಾಲ್ಕು, ಸಾಕೆಟ್ಟಿಗೆ ಎರಡು, ರೆಗ್ಯುಲೇಟರಿಗೆ ಎರಡು. ಎಂಟರ ಬಾಕ್ಸು ಗಡಿಗೆ ಗಡಿ ತುಂಬಿತು. ನಾನಾದರೆ ಹನ್ನೆರಡರದ್ದು ಹಾಕಿಸುತ್ತೇನೆ, ಖಾಲಿ ಜಾಗಕ್ಕೆ ಮುಚ್ಚಳ ಸಿಗುತ್ತದೆ. ಮಂಚಕ್ಕೆ ನಾಲ್ಕರದ್ದು, ಏಸಿಗೆ ಮೂರರದ್ದು. ಎಂಟರ ಬಾಕ್ಸು ಉದ್ದನೆಯದೂ ಇದೆ, ಚೌಕದ್ದೂ ಇದೆ. ಗೋಡೆಯಲ್ಲಿ ಒಂದು ಕೂತು, ಪ್ಲೇಟು ಇನ್ನೊಂದು ತಂದರೆ ಗೋಡೆ ಒಡೆಯುವುದೇ ದಾರಿ.

ನಮ್ಮ ಮನೆಯಲ್ಲಿ ಮಂಚದ ಬೋರ್ಡಿನ ಪೈಪು ಮೋಲ್ಡಿನ ದಿನ ಮರೆತುಹೋಗಿತ್ತು. ಆಮೇಲೆ ಗೋಡೆ ಸುತ್ತ ಕೊರೆದು ತಂದ ಪೈಪು ಹೆಚ್ಚುಕಮ್ಮಿ ಎರಡರಷ್ಟಾಯಿತು, ಬಣ್ಣದಡಿಯಲ್ಲಿ ಆ ಗೀರು ಇವತ್ತಿಗೂ ಕಾಣುತ್ತದೆ. ಕಾಂಕ್ರೀಟು ಸುರಿಯುವ ಮುಂಚೆ ಕಂಬಿಗಳ ಮೇಲೆ ಹಾಸಿದ ಪೈಪುಗಳನ್ನು ನಕ್ಷೆ ಹಿಡಿದು ಒಂದೊಂದಾಗಿ ಎಣಿಸಿ, ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ವೈರು ಕೊಳ್ಳುವಾಗ, ಬಿಚ್ಚದ ಕಾಯಿಲನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಅಂಗಡಿಯವರಿಂದ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.