ಎಂಜಿನ್ ನಿಂತ ಮೇಲಿನ ನಲವತ್ತು ಸೆಕೆಂಡು

1972ರ ಜೂನ್ 21ರಂದು ದಕ್ಷಿಣ ಫ್ರಾನ್ಸಿನ ಇಸ್ತ್ರ್ ವಾಯುನೆಲೆಯಿಂದ ಜಾನ್ ಬುಲೆ ಎಂಬ ಪೈಲಟ್ ಒಬ್ಬರೇ ಒಂದು ಲಾಮಾ ಹೆಲಿಕಾಪ್ಟರನ್ನು ಮೇಲಕ್ಕೆ ಕೊಂಡೊಯ್ದರು. ಎತ್ತರದ ದಾಖಲೆ ಮುರಿಯುವುದು ಅವರ ಗುರಿ. ತೂಕ ಇಳಿಸಲೆಂದು ತೆಗೆಯಬಹುದಾದದ್ದನ್ನೆಲ್ಲ ಮೊದಲೇ ಬಿಚ್ಚಿ ಇಟ್ಟಿದ್ದರು. ಎಂಜಿನ್ನಿನ ಸ್ಟಾರ್ಟರ್ ಕೂಡ ಹೀಗೆ ಕೆಳಗೇ ಉಳಿದಿತ್ತು. ಲಾಮಾ 12,442 ಮೀಟರ್ ಮುಟ್ಟಿತು. ಎವರೆಸ್ಟಿನ ನೆತ್ತಿಗಿಂತ ಮೂರೂವರೆ ಕಿಲೋಮೀಟರಿಗೂ ಹೆಚ್ಚು ಮೇಲೆ, ಸುಮಾರು ಮೈನಸ್ 60 ಡಿಗ್ರಿ ಚಳಿಯಲ್ಲಿ, ಬುಲೆ ಇಳಿಯಲೆಂದು ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿದರು. ಅಷ್ಟಕ್ಕೇ ಎಂಜಿನ್ನಿನೊಳಗಿನ ಉರಿ ಆರಿತು. ಮತ್ತೆ ಹೊತ್ತಿಸಲು ಸ್ಟಾರ್ಟರ್ ಇಲ್ಲ, ಗಾಜಿನ ಮೇಲೆ ಹಿಮ ಕಟ್ಟಿ ಎದುರೇನೂ ಕಾಣುತ್ತಿಲ್ಲ. ಅಲ್ಲಿಂದ ನೆಲದವರೆಗೂ ಎಂಜಿನ್ ಇಲ್ಲದೆಯೇ ಬಂದ ಅವರು ಹೊರಟಿದ್ದ ಇಸ್ತ್ರ್‌ನಲ್ಲೇ ಸುರಕ್ಷಿತವಾಗಿ ಇಳಿದರು.

ಆ ಲಾಮಾ ನಮಗೆ ದೂರದ್ದಲ್ಲ. ಹಿಮಾಲಯದ ತೆಳುಗಾಳಿಯಲ್ಲಿ ಹಾರಬಲ್ಲ ಹೆಲಿಕಾಪ್ಟರ್ ಬೇಕೆಂದು ಭಾರತದ ಸೇನೆ ಕೇಳಿದ್ದರಿಂದಲೇ ಫ್ರೆಂಚರು ಅದನ್ನು ರೂಪಿಸಿದ್ದು. ಮುಂದೆ ಬೆಂಗಳೂರಿನ ಎಚ್‌ಎಎಲ್ ಅದನ್ನೇ ಚೀತಾ ಎಂಬ ಹೆಸರಿನಲ್ಲಿ ಕಟ್ಟಿತು.

ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲು ಬಿದ್ದ ಹಾಗೆ ಬೀಳುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ವಿಮಾನಕ್ಕಾದರೆ ಚಾಚಿದ ರೆಕ್ಕೆ ಇದೆ, ತೇಲಿಕೊಂಡು ಬರುತ್ತದೆ. ಇದಕ್ಕೇನಿದೆ ಎಂಬುದು ಅವರ ತರ್ಕ. ಆದರೆ ಹೆಲಿಕಾಪ್ಟರಿಗೂ ರೆಕ್ಕೆಗಳಿವೆ, ತಲೆಯ ಮೇಲೆ ತಿರುಗುತ್ತಿರುವ ರೋಟರಿನ ರೆಕ್ಕೆಗಳು. ಅವು ತಿರುಗುತ್ತಿರುವಷ್ಟು ಹೊತ್ತು ಅದು ಹಾರುವ ಯಂತ್ರವೇ. ಹಾಗಾಗಿ ಎಂಜಿನ್ ನಿಂತಾಗ ಪೈಲಟ್ ಉಳಿಸಿಕೊಳ್ಳಬೇಕಾದದ್ದು ಎಂಜಿನ್ನನ್ನಲ್ಲ, ರೋಟರಿನ ಸುತ್ತುವಿಕೆಯನ್ನು. ಆ ಕೆಲಸಕ್ಕೆ ಆಟೋರೊಟೇಶನ್ ಎಂದು ಹೆಸರು.

ಮೊದಲ ಉಪಕಾರ ಮಾಡುವುದು ಒಂದು ಸಣ್ಣ ಬಿಡಿಭಾಗ. ಸೈಕಲ್ಲಿನಲ್ಲಿ ಇಳಿಜಾರಿಗೆ ಬಂದಾಗ ನೀವು ಪೆಡಲ್ ತುಳಿಯುವುದನ್ನು ನಿಲ್ಲಿಸುತ್ತೀರಿ, ಚಕ್ರ ಮಾತ್ರ ಕಟಕಟ ಎನ್ನುತ್ತ ತನ್ನ ಪಾಡಿಗೆ ಓಡುತ್ತದೆ. ಹಿಂದಿನ ಚಕ್ರದ ಫ್ರೀವೀಲ್ ಅದಕ್ಕೆ ಕಾರಣ. ಹೆಲಿಕಾಪ್ಟರಿನಲ್ಲೂ ಎಂಜಿನ್ನಿಗೂ ರೋಟರಿಗೂ ನಡುವೆ ಅಂಥದೇ ಒಂದು ಫ್ರೀವೀಲ್ ಇದೆ. ಎಂಜಿನ್ ರೋಟರನ್ನು ತಿರುಗಿಸಬಹುದು, ಆದರೆ ನಿಂತ ಎಂಜಿನ್ ರೋಟರನ್ನು ಹಿಡಿದು ನಿಲ್ಲಿಸಲಾರದು. ಹಿಂಬದಿಯ ಪುಟ್ಟ ರೋಟರಿಗೆ ಶಕ್ತಿ ಹೋಗುವುದು ಮುಖ್ಯ ರೋಟರಿನ ಕಡೆಯಿಂದ. ಆದ್ದರಿಂದ ಅದೂ ತಿರುಗುತ್ತಲೇ ಇರುತ್ತದೆ, ಮೂತಿಯನ್ನು ಬೇಕಾದ ದಿಕ್ಕಿಗೆ ಹಿಡಿಯುವ ಹತೋಟಿ ಪೈಲಟ್ ಕೈಬಿಟ್ಟು ಹೋಗುವುದಿಲ್ಲ.

ಇನ್ನು ರಾಬಿನ್ಸನ್ ಆರ್22 ಎಂಬ ಎರಡು ಸೀಟಿನ ಹೆಲಿಕಾಪ್ಟರನ್ನು ತೆಗೆದುಕೊಳ್ಳೋಣ. ಜಗತ್ತಿನ ಎಷ್ಟೋ ಪೈಲಟ್‌ಗಳು ಮೊದಲ ಪಾಠ ಕಲಿತದ್ದು ಇದರಲ್ಲೇ. ಇಬ್ಬರು ಕೂತು ಇಂಧನ ತುಂಬಿದರೆ ಒಟ್ಟು ತೂಕ ಸುಮಾರು 600 ಕಿಲೋ. ರೋಟರ್ ನಿಮಿಷಕ್ಕೆ ಸುಮಾರು 530 ಸುತ್ತು ತಿರುಗುತ್ತದೆ. ನೆಲದಿಂದ ಸಾವಿರ ಅಡಿ ಮೇಲೆ ಹೋಗುತ್ತಿರುವಾಗ ಎಂಜಿನ್ ನಿಂತಿತು ಎಂದುಕೊಳ್ಳಿ.

ಮೊದಲು ಗೊತ್ತಾಗುವುದು ಮೂತಿಯ ಚಲನೆಯಿಂದ. ಎಂಜಿನ್ ರೋಟರನ್ನು ಒಂದು ಕಡೆಗೆ ತಿರುಗಿಸುವಾಗ ಹೆಲಿಕಾಪ್ಟರಿನ ಮೈ ಎದುರು ದಿಕ್ಕಿಗೆ ತಿರುಗಲು ಹೊರಡುತ್ತದೆ, ಪೈಲಟ್ ಪೆಡಲ್ ಒತ್ತಿ ಅದನ್ನು ಸದಾ ತಡೆದಿರುತ್ತಾನೆ. ಎಂಜಿನ್ ನಿಂತ ಕ್ಷಣ ಆ ಒತ್ತಡವೇ ಇಲ್ಲವಾಗಿ ಆರ್22ರ ಮೂತಿ ಎಡಕ್ಕೆ ಸರ್ರನೆ ಹೊರಳುತ್ತದೆ. ಶಬ್ದ ಬದಲಾಗುತ್ತದೆ. ಎಂಜಿನ್ನಿನ ಮತ್ತು ರೋಟರಿನ ವೇಗ ತೋರಿಸುತ್ತ ಜೊತೆಜೊತೆಯಾಗಿ ನಿಂತಿರುವ ಎರಡು ಮುಳ್ಳುಗಳು ಬೇರೆಯಾಗುತ್ತವೆ. ರೋಟರ್ ವೇಗ ಶೇ 97ಕ್ಕೆ ಇಳಿದರೆ ಎಚ್ಚರಿಕೆಯ ಹಾರ್ನ್ ಕೂಗಿಕೊಳ್ಳುತ್ತದೆ.

ಈಗ ಪೈಲಟ್‌ಗೆ ಇರುವುದು ಒಂದೆರಡು ಸೆಕೆಂಡು ಮಾತ್ರ. ಎಡಗೈಯಲ್ಲಿರುವ ಕಲೆಕ್ಟಿವ್ ಎಂಬ ಸನ್ನೆಯನ್ನು ಪೂರ್ತಿ ಕೆಳಕ್ಕೆ ತಳ್ಳಬೇಕು. ಕಲೆಕ್ಟಿವ್ ಎತ್ತಿದರೆ ಎಲ್ಲ ರೆಕ್ಕೆಗಳ ಮುಂದಂಚು ಒಟ್ಟಿಗೆ ಮೇಲೆದ್ದು ಅವು ಹೆಚ್ಚು ಗಾಳಿ ಕಚ್ಚುತ್ತವೆ, ಇಳಿಸಿದರೆ ಚಪ್ಪಟೆಯಾಗುತ್ತವೆ. ಎಂಜಿನ್ ಇಲ್ಲದೆ ಗಾಳಿ ಕಚ್ಚಿಕೊಂಡಿರುವ ರೆಕ್ಕೆ ತನ್ನ ವೇಗವನ್ನೇ ಸುಟ್ಟುಕೊಳ್ಳುತ್ತದೆ. ಎತ್ತುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ ರೋಟರ್ ವೇಗ ಶೇ 80ಕ್ಕೆ ಇಳಿದರೆ ಅದರ ಸಾಮರ್ಥ್ಯ ಶೇ 64ಕ್ಕೆ ಬರುತ್ತದೆ. ಆರ್22ರ ಮಟ್ಟಿಗೆ ತಯಾರಕರು ಕೊಡುವ ಗಡಿಯೂ ಅದೇ: ಶೇ 80, ಅದರ ಮೇಲೆ ಪ್ರತಿ ಸಾವಿರ ಅಡಿ ಎತ್ತರಕ್ಕೆ ಇನ್ನೊಂದು ಅಂಶ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿರುವ ಬೆಂಗಳೂರಿನ ಎತ್ತರದಲ್ಲಿ ಅದು ಶೇ 83. ಅದಕ್ಕಿಂತ ಕೆಳಗಿಳಿದ ರೆಕ್ಕೆಗಳ ಮೇಲೆ ಗಾಳಿ ಅಂಟಿ ಹರಿಯದೆ ಕಿತ್ತು ಹೋಗುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ಹಾರುತ್ತಿರುವಾಗ ರೋಟರ್ ಸ್ಟಾಲ್ ಆದರೆ ಮರಳಿ ಬರುವ ದಾರಿ ಇಲ್ಲ.

ಇಲ್ಲೇ ಮನುಷ್ಯನ ಸಹಜ ಬುದ್ಧಿ ಅವನಿಗೆ ವೈರಿಯಾಗುತ್ತದೆ. ಕೆಳಗೆ ಹೋಗುತ್ತಿದ್ದೇನೆ ಅನ್ನಿಸಿದ ಕೂಡಲೇ ಕೈ ಸನ್ನೆಯನ್ನು ಮೇಲಕ್ಕೆಳೆಯಲು ಹವಣಿಸುತ್ತದೆ. ಕೆಳಕ್ಕೆ ತಳ್ಳುವುದೆಂದರೆ ಬೀಳುವುದನ್ನು ಒಪ್ಪಿಕೊಂಡ ಹಾಗೆ. ತರಬೇತಿಯಲ್ಲಿ ಇದನ್ನು ಮತ್ತೆ ಮತ್ತೆ ಮಾಡಿಸುವುದು ಯೋಚಿಸುವ ಮೊದಲೇ ಕೈ ಕೆಳಗಿಳಿಯಲಿ ಎಂದು. ಆಟೋರೊಟೇಶನ್ನಿನ ಎಲ್ಲ ಹಂತಗಳಲ್ಲಿ ನಿಜವಾಗಿ ಜೀವ ಉಳಿಸುವುದು ಇದೊಂದೇ ಎಂದು ನನಗನ್ನಿಸುತ್ತದೆ. ಮುಂದಿನವುಗಳಲ್ಲಿ ತಪ್ಪಿದರೆ ಹೆಲಿಕಾಪ್ಟರ್ ಜಖಂ ಆದರೂ ಜನ ಉಳಿಯುವ ಅವಕಾಶ ಇರುತ್ತದೆ.

ಕಲೆಕ್ಟಿವ್ ಇಳಿಸುವಾಗಲೇ ಬಲ ಪೆಡಲ್ ಒತ್ತಿ ಮೂತಿಯನ್ನು ನೇರ ಮಾಡಬೇಕು. ಬಲಗೈಯ ಸೈಕ್ಲಿಕ್ ಕೋಲನ್ನು ತುಸು ಹಿಂದಕ್ಕೆ ಎಳೆದರೆ ರೋಟರಿಗೆ ಕೆಳಗಿನಿಂದ ಗಾಳಿ ಸಿಕ್ಕುತ್ತದೆ, ಕುಗ್ಗಿದ್ದ ಸುತ್ತು ಮತ್ತೆ ಏರುತ್ತದೆ.

ಮಹಾಗನಿ ಮರದ ಬೀಜ ಉದುರುವುದನ್ನು ನೋಡಿದ್ದೀರಾ? ಒಂದು ತುದಿಯಲ್ಲಿ ಗಟ್ಟಿ ಬೀಜ, ಇನ್ನೊಂದು ತುದಿಯಲ್ಲಿ ಕಂದುಬಣ್ಣದ ಕಾಗದದಂಥ ರೆಕ್ಕೆ. ತೊಟ್ಟು ಕಳಚಿದ ಮೇಲೆ ಒಂದಿಷ್ಟು ದೂರ ಸುಮ್ಮನೆ ಬೀಳುತ್ತದೆ, ಆಮೇಲೆ ಗಿರ್ರನೆ ಸುತ್ತಲು ತೊಡಗುತ್ತದೆ. ಸುತ್ತಲು ತೊಡಗಿದ್ದೇ ಬೀಳುವ ವೇಗ ಇಳಿಯುತ್ತದೆ. ಹೆಲಿಕಾಪ್ಟರಿನಲ್ಲೂ ಎಂಜಿನ್ ಇದ್ದಾಗ ಮೇಲಿನಿಂದ ಕೆಳಕ್ಕೆ ಹಾಯುತ್ತಿದ್ದ ಗಾಳಿ ಈಗ ಕೆಳಗಿನಿಂದ ಮೇಲಕ್ಕೆ ಹಾಯುತ್ತದೆ. ಆಗ ರೆಕ್ಕೆಯ ನಡುಭಾಗದಲ್ಲಿ ಹುಟ್ಟುವ ಎತ್ತುವ ಬಲ ತುಸು ಮುಂದಕ್ಕೆ ವಾಲಿ ರೆಕ್ಕೆಯನ್ನು ಸುತ್ತಿನ ದಿಕ್ಕಿಗೇ ಎಳೆಯುತ್ತದೆ. ರೆಕ್ಕೆಯ ತುದಿ ಮತ್ತು ಬುಡ ಈ ಎಳೆತಕ್ಕೆ ಅಡ್ಡಿ ಮಾಡುತ್ತವೆ. ಎಳೆತ ಮತ್ತು ಅಡ್ಡಿ ಸರಿಸಮವಾದಾಗ ರೋಟರ್ ಒಂದೇ ವೇಗದಲ್ಲಿ ನಿಲ್ಲುತ್ತದೆ. ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ 1923ರಲ್ಲಿ ಹಾರಿಸಿದ ಆಟೋಜೈರೊ ಇದೇ ತತ್ತ್ವದ ಮೇಲೆ ನಿಂತಿತ್ತು. ಅದರ ರೋಟರಿಗೆ ಹಾರಾಟದಲ್ಲಿ ಎಂಜಿನ್ನಿನ ಆಸರೆಯೇ ಇರಲಿಲ್ಲ.

ಹಾಗಾದರೆ ರೋಟರನ್ನು ತಿರುಗಿಸುವ ಶಕ್ತಿ ಎಲ್ಲಿಂದ ಬಂತು? ಎತ್ತರದಿಂದ. ಆರ್22 ನಿಮಿಷಕ್ಕೆ 1,500 ಅಡಿಯಂತೆ ಇಳಿಯುತ್ತಿದೆ ಎಂದರೆ ಸೆಕೆಂಡಿಗೆ 25 ಅಡಿ, ಅಂದರೆ ಏಳೂವರೆ ಮೀಟರ್. 600 ಕಿಲೋ ಭಾರ ಆ ವೇಗದಲ್ಲಿ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಲೆಕ್ಕ ಹಾಕಿದರೆ ಸುಮಾರು 45 ಕಿಲೋವ್ಯಾಟ್, ಹೆಚ್ಚುಕಡಿಮೆ 60 ಅಶ್ವಶಕ್ತಿ. ಹೆಲಿಕಾಪ್ಟರಿನ ತೂಕವೇ ಎಂಜಿನ್ ಆಗಿ ದುಡಿಯುತ್ತಿದೆ, ಎತ್ತರವೇ ಅದಕ್ಕೆ ಇಂಧನ.

ಸಾವಿರ ಅಡಿ ಎತ್ತರಕ್ಕೆ ಈ ಇಂಧನ 40 ಸೆಕೆಂಡು ಬರುತ್ತದೆ. ಪೈಲಟ್ ಮುಂದಿನ ವೇಗವನ್ನು 65 ನಾಟ್, ಅಂದರೆ ಗಂಟೆಗೆ 120 ಕಿಲೋಮೀಟರ್ ಆಸುಪಾಸಿನಲ್ಲಿ ಹಿಡಿಯುತ್ತಾನೆ. ಆ 40 ಸೆಕೆಂಡಿನಲ್ಲಿ ಸುಮಾರು 1,300 ಮೀಟರ್ ಮುಂದೆ ಹೋಗಬಹುದು. ಅಷ್ಟರೊಳಗೆ ಒಂದು ಬಯಲನ್ನೋ ಕೊಯ್ಲಾದ ಗದ್ದೆಯನ್ನೋ ಆರಿಸಿಕೊಂಡು ಗಾಳಿಗೆ ಎದುರಾಗಿ ತಿರುಗಬೇಕು. ರೋಟರ್ ವೇಗದ ಮೇಲೂ ಕಣ್ಣಿಟ್ಟಿರಬೇಕು. ಅದು ತೀರ ಏರಿದರೂ ಅಪಾಯ, ಆಗ ಕಲೆಕ್ಟಿವನ್ನು ಒಂದಿಷ್ಟು ಎತ್ತಿ ತಗ್ಗಿಸುತ್ತಾರೆ.

ನೆಲ ಎದ್ದು ಬರುತ್ತಿದೆ. 40 ಅಡಿ ಇರುವಾಗ ಪೈಲಟ್ ಸೈಕ್ಲಿಕ್ಕನ್ನು ಹಿಂದಕ್ಕೆಳೆದು ಮೂತಿ ಎತ್ತುತ್ತಾನೆ. ಇದಕ್ಕೆ ಫ್ಲೇರ್ ಎನ್ನುತ್ತಾರೆ. ಮುಂದಕ್ಕೆ ಓಡುತ್ತಿದ್ದ ವೇಗವೆಲ್ಲ ಗಾಳಿಯಾಗಿ ರೋಟರಿನ ತಳಕ್ಕೆ ಅಪ್ಪಳಿಸುತ್ತದೆ. ಒಂದೇ ಏಟಿಗೆ ಮೂರು ಕೆಲಸ ಆಗುತ್ತವೆ: ಓಟ ಕುಗ್ಗುತ್ತದೆ, ಇಳಿತ ಬಹುಮಟ್ಟಿಗೆ ತಡೆಯುತ್ತದೆ, ರೋಟರಿನ ಸುತ್ತು ಏರುತ್ತದೆ. 65 ನಾಟ್ ವೇಗವನ್ನು ಇಷ್ಟು ಹೊತ್ತು ಜೋಪಾನ ಮಾಡಿದ್ದು ಇದಕ್ಕಾಗಿಯೇ. ಆದರೆ ಮೂತಿ ಎತ್ತಿದಾಗ ಬಾಲ ತಗ್ಗುತ್ತದೆ, ಹಾಗೇ ಇಳಿದರೆ ಬಾಲವೇ ಮೊದಲು ನೆಲಕ್ಕೆ ಬಡಿಯುತ್ತದೆ. ಅದಕ್ಕೆ ಎಂಟು ಅಡಿಯ ಹತ್ತಿರ ಸೈಕ್ಲಿಕ್ಕನ್ನು ಮುಂದಕ್ಕೆ ತಳ್ಳಿ ಮೈಯನ್ನು ಸಮಮಾಡಬೇಕು.

ಉಳಿದದ್ದು ಕೊನೆಯ ಎಳೆತ. ಕುಂಬಾರ ಕೋಲಿನಿಂದ ತಿಗರಿಯನ್ನು ಬಿರುಸಾಗಿ ತಿರುಗಿಸಿ ಕೋಲು ಬದಿಗಿಡುತ್ತಾನೆ. ಆಮೇಲೆ ಚಕ್ರದಲ್ಲಿ ಕೂಡಿರುವ ಸುತ್ತು ತೀರುವುದರೊಳಗೆ ಮಡಕೆ ಮೇಲೇಳಬೇಕು. ಪೈಲಟ್ ಈಗ ಅದೇ ಸ್ಥಿತಿಯಲ್ಲಿರುತ್ತಾನೆ. ಇಷ್ಟು ಹೊತ್ತು ಕೆಳಗೆ ಒತ್ತಿ ಹಿಡಿದಿದ್ದ ಕಲೆಕ್ಟಿವನ್ನು ನೆಲ ಮುಟ್ಟುವ ಮುನ್ನ ಮೇಲಕ್ಕೆಳೆಯುತ್ತಾನೆ. ರೆಕ್ಕೆಗಳು ಗಾಳಿಯನ್ನು ಕಚ್ಚುತ್ತವೆ, ಕೂಡಿಟ್ಟ ಸುತ್ತೆಲ್ಲ ಎತ್ತುವ ಬಲವಾಗಿ ಖರ್ಚಾಗುತ್ತದೆ, ಹೆಲಿಕಾಪ್ಟರ್ ಮೆತ್ತಗೆ ಕೂರುತ್ತದೆ. ಇದು ಒಂದೇ ಸಲ ಸಿಗುವ ಅವಕಾಶ. ಇಪ್ಪತ್ತು ಅಡಿಯಲ್ಲೇ ಅವಸರಪಟ್ಟು ಎಳೆದರೆ ರೋಟರ್ ಅಲ್ಲೇ ಬಸವಳಿದು, ಉಳಿದ ದೂರ ಬೀಳುವುದೇ ಆಗುತ್ತದೆ. ಭಾರದ ರೆಕ್ಕೆಗಳಿರುವ ಹೆಲಿಕಾಪ್ಟರ್ ಇಲ್ಲಿ ಸ್ವಲ್ಪ ಕ್ಷಮಿಸುತ್ತದೆ. ಆರ್22ರ ಹಗುರ ರೆಕ್ಕೆಗಳು ಕ್ಷಮಿಸುವುದಿಲ್ಲ.

ಆಟೋರೊಟೇಶನ್ ಎಲ್ಲೆಡೆಯೂ ಕೈಹಿಡಿಯುತ್ತದೆ ಎಂದೇನಿಲ್ಲ. ಐದಡಿ ಎತ್ತರದಲ್ಲಿ ನಿಂತಲ್ಲೇ ತೇಲುತ್ತಿರುವಾಗ ಎಂಜಿನ್ ನಿಂತರೆ ರೋಟರಿನಲ್ಲಿ ಉಳಿದ ಸುತ್ತೇ ಸಾಕು, ಮೆತ್ತಗೆ ಕೂರಬಹುದು. ಸಾವಿರ ಅಡಿಯಲ್ಲಾದರೆ ವೇಗ ಕೂಡಿಸಿಕೊಳ್ಳಲು ಎತ್ತರ ಇದೆ. ನೂರು ಅಡಿಯಲ್ಲಿ ಮುಂದಕ್ಕೆ ಓಟವೇ ಇಲ್ಲದೆ ನಿಂತಿದ್ದರೆ? ಬೀಳಲು ಸಾಕಷ್ಟು ದೂರ, ಫ್ಲೇರ್ ಮಾಡಲು ಬೇಕಾದ ವೇಗ ಗಳಿಸಲು ಸಾಲದಷ್ಟು ದೂರ. ಪ್ರತಿ ಹೆಲಿಕಾಪ್ಟರಿನ ಕೈಪಿಡಿಯಲ್ಲೂ ಎತ್ತರ ಮತ್ತು ವೇಗದ ಒಂದು ನಕ್ಷೆ ಇದ್ದು, ಈ ಅಪಾಯದ ವಲಯವನ್ನು ಗೆರೆ ಎಳೆದು ತೋರಿಸಿರುತ್ತಾರೆ. ಪೈಲಟ್‌ಗಳ ಬಾಯಲ್ಲಿ ಅದು ಸತ್ತವನ ಗೆರೆ.

ಮುಂದಿನ ಸಲ ಹೆಲಿಕಾಪ್ಟರ್ ಮೇಲೇಳುವುದನ್ನು ಕಂಡರೆ ಗಮನಿಸಿ. ಜಾಗ ಇದ್ದಲ್ಲಿ ಅದು ನೆಟ್ಟಗೆ ಮೇಲಕ್ಕೆ ಹೋಗುವುದಿಲ್ಲ. ನಾಲ್ಕೈದು ಅಡಿ ಎದ್ದು, ಮೂತಿ ತಗ್ಗಿಸಿ, ನೆಲದ ಪಕ್ಕದಲ್ಲೇ ಮುಂದಕ್ಕೆ ಓಡಿ, ವೇಗ ಬಂದ ಮೇಲಷ್ಟೇ ಏರುತ್ತದೆ. ಆ ಗೆರೆಯೊಳಗೆ ಕಾಲಿಡದೆ ಹೋಗುವ ದಾರಿ ಅದು.